ಅಳತೆ ಬದಲಾದಾಗ ದರದ ಕಾಗದ

ಕೆಲಸ ಒಪ್ಪಿಸಿದ ಮೇಲೆ ಅಳತೆ ಬದಲಾದರೆ ದರವೂ ಬದಲಾಗುತ್ತದೆ. ಎಷ್ಟು, ಏಕೆ ಎಂಬುದನ್ನು ಕಾರ್ಖಾನೆಯವರು ಕಾಗದದಲ್ಲಿ ಬರೆದು ತಿಳಿಸಬೇಕು. ಮಾಡಿಸುವ ತಾವು ಅದನ್ನು ಲೆಕ್ಕ ಹಾಕಿ ನೋಡಬೇಕು.

ಮಳವಳ್ಳಿ ಕಡೆಯ ರೈತರೊಬ್ಬರು ತಮ್ಮ ಆಲೆಮನೆಗೆ ಕಬ್ಬಿಣದ ನೀರಿನ ತೊಟ್ಟಿ ಬೇಕೆಂದು ಮದ್ದೂರಿನ ಸಣ್ಣ ವೆಲ್ಡಿಂಗ್ ಕಾರ್ಖಾನೆಗೆ ಹೇಳಿದರೆಂದು ಇಟ್ಟುಕೊಳ್ಳಿ. ತೊಟ್ಟಿ 2 ಮೀಟರ್ ಉದ್ದ, 1 ಮೀಟರ್ ಅಗಲ, ಅರ್ಧ ಮೀಟರ್ ಎತ್ತರ. ತಗಡು 3 ಮಿಲಿಮೀಟರ್ ದಪ್ಪ. ಒಪ್ಪಿದ ದರ 15,000 ರೂಪಾಯಿ. ತಗಡು ಕತ್ತರಿಸಿದ ಮೇಲೆ, ಎತ್ತರ ಮುಕ್ಕಾಲು ಮೀಟರ್ ಇರಲಿ ಎಂದು ಅವರು ಹೇಳಿಕಳುಹಿಸಿದರು. ಆಗ ಕಾಗದ ಹೀಗಿರಬಹುದು:

“ಮಾನ್ಯರೇ, ತಾವು ತಿಳಿಸಿದಂತೆ ತೊಟ್ಟಿಯ ಎತ್ತರವನ್ನು ಕಾಲು ಮೀಟರ್ ಹೆಚ್ಚಿಸಲು ಈ ಖರ್ಚು ಬೀಳುತ್ತದೆ. ತಗಡು 35 ಕಿಲೋ, ಕಿಲೋಗೆ 70 ರೂಪಾಯಿಯಂತೆ 2,450. ಬಾಯಿಗೆ ಸುತ್ತಲೂ, ನಡುವೆ ಅಡ್ಡಲಾಗಿಯೂ ಹಾಕುವ ಆ್ಯಂಗಲ್ 21 ಕಿಲೋ, 1,470. ಕತ್ತರಿಸಿದ ತಗಡಿಗೆ ಹೊಸ ಪಟ್ಟಿ ಬೆಸೆಯುವ ಕೂಲಿ 1,200. ಆ್ಯಂಗಲ್ ಕೂಡಿಸುವ ಕೂಲಿ 600. ವೆಲ್ಡಿಂಗ್ ಕಡ್ಡಿ ಮತ್ತು ಬಣ್ಣ 400. ಹೆಚ್ಚುವರಿ ಒಟ್ಟು 6,120. ಹೊಸ ದರ 21,120 ರೂಪಾಯಿ. ಒಪ್ಪಿಗೆಯಾದರೆ ರುಜು ಮಾಡಿ ಕಳುಹಿಸಿರಿ. ಅಲ್ಲಿಯವರೆಗೆ ಕೆಲಸ ನಿಲ್ಲಿಸಿದ್ದೇವೆ. ಬೇಡವೆಂದರೆ ಹಳೆಯ ಅಳತೆಗೆ ಹಳೆಯ ದರದಲ್ಲಿಯೇ ಮಾಡಿಕೊಡುತ್ತೇವೆ.”

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಒಂದು ಚದರ ಮೀಟರ್ ಅಗಲದ, ಒಂದು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು 7.85 ಕಿಲೋ ತೂಗುತ್ತದೆ. ತೊಟ್ಟಿಯ ಸುತ್ತಳತೆ 6 ಮೀಟರ್. ಅದಕ್ಕೆ ಕಾಲು ಮೀಟರ್ ಪಟ್ಟಿ ಎಂದರೆ ಒಂದೂವರೆ ಚದರ ಮೀಟರ್. ಮೂರು ಮಿಲಿಮೀಟರ್ ದಪ್ಪಕ್ಕೆ ಅದು 35 ಕಿಲೋ ಚಿಲ್ಲರೆ ಆಗುತ್ತದೆ. 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಆ್ಯಂಗಲ್ ಮೀಟರಿಗೆ 3 ಕಿಲೋ. 7 ಮೀಟರಿಗೆ 21 ಕಿಲೋ. ಕಬ್ಬಿಣದ ದರವನ್ನು ಮಂಡ್ಯದ ಅಂಗಡಿಯಲ್ಲಿ ವಿಚಾರಿಸಬಹುದು.

ಮೊದಲಿಲ್ಲದ ಆ್ಯಂಗಲ್ ಈಗೇಕೆ ಎಂದು ತಾವು ಕೇಳಬಹುದು. ತೊಟ್ಟಿ ಹಿಡಿಯುವ ನೀರು 1,000 ಲೀಟರಿನಿಂದ 1,500 ಲೀಟರಿಗೆ ಏರಿತು. ಆದರೆ ಪಕ್ಕದ ಗೋಡೆಯ ಮೇಲೆ ಬೀಳುವ ನೀರಿನ ಒತ್ತು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಯಿತು. ಆಧಾರವಿಲ್ಲದಿದ್ದರೆ ಉದ್ದದ ಗೋಡೆ ನಡುವೆ ಉಬ್ಬಿ, ಮೂಲೆಯ ಬೆಸುಗೆ ಬಿರಿಯುವ ಭಯವಿದೆ. ಇದನ್ನು ಬಿಟ್ಟು ಬರೆದ ಅಗ್ಗದ ದರವನ್ನು ನಂಬಬೇಡಿರಿ.

ಪಟ್ಟಿ ಬೆಸೆಯುವ ಕೂಲಿಯ ಸಾಲನ್ನು ಮತ್ತೊಮ್ಮೆ ನೋಡಿರಿ. ತಗಡು ಕತ್ತರಿಸುವ ಮೊದಲೇ ಹೇಳಿದ್ದರೆ ಪೂರ್ತಿ ಎತ್ತರದ ತಗಡನ್ನೇ ಕತ್ತರಿಸಬಹುದಿತ್ತು. ಆ 1,200 ರೂಪಾಯಿ ಉಳಿಯುತ್ತಿತ್ತು. ಆದಕಾರಣ ಬದಲಾವಣೆ ತಿಳಿಸಿದ ದಿನವನ್ನೂ ಆ ಹೊತ್ತಿಗೆ ಕೆಲಸ ಎಲ್ಲಿಗೆ ಬಂದಿತ್ತೆಂಬುದನ್ನೂ ಕಾಗದದಲ್ಲಿ ಬರೆಸಿರಿ.

1872ರ ಭಾರತ ಕರಾರು ಕಾಯಿದೆಯ 62ನೆಯ ಕಲಮಿನಂತೆ ಉಭಯರೂ ಒಪ್ಪಿದರೆ ಹಳೆಯ ಕರಾರನ್ನು ಬದಲಿಸಬಹುದು. ಒಬ್ಬರೇ ಏರಿಸಿದ ದರ ಒಪ್ಪಂದವಲ್ಲ. ರುಜುವಾದ ಎರಡು ಪ್ರತಿಗಳಲ್ಲಿ ಒಂದು ತಮ್ಮಲ್ಲಿರಲಿ. ತೊಟ್ಟಿ ಸಿದ್ಧವಾದಾಗ, ಬಣ್ಣ ಹಚ್ಚುವ ಮೊದಲು, ಒಂದು ರಾತ್ರಿ ನೀರು ತುಂಬಿಸಿಟ್ಟು ಹೊಸ ಬೆಸುಗೆ ಒಸರುತ್ತದೆಯೇ ಎಂದು ನೋಡಿ ಬಾಕಿ ಹಣ ಕೊಡಿರಿ.