ಓದುಗರು ಎದ್ದು ಹೋದದ್ದು ಯಾವ ಸ್ಲೈಡಿನಿಂದ?

ಮಳೆಗಾಲ ಶುರುವಾದರೆ ಹೊಲ, ಗದ್ದೆ, ಹಿತ್ತಲುಗಳಲ್ಲಿ ಹಾವು ಕಡಿತದ ಪ್ರಕರಣಗಳು ಹೆಚ್ಚುತ್ತವೆ. ಇದು ಎಷ್ಟು ಗಂಭೀರ ಎಂದರೆ, ಆಸ್ಪತ್ರೆಗಳು ಇಂಥ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ನಿಯಮ ಮಾಡಿತು. ಜನರಿಗೆ ತಿಳಿಸಬೇಕೆಂಬ ಕಾಳಜಿಯಿಂದ ಈಗ ಎಷ್ಟೋ ಆರೋಗ್ಯ ಕಾರ್ಯಕರ್ತರು, ಶಿಕ್ಷಕರು, ಯುವಕ ಸಂಘದವರು ಇನ್‌ಸ್ಟಾಗ್ರಾಂನಲ್ಲಿ ಎಂಟು ಹತ್ತು ಸ್ಲೈಡುಗಳ ಮಾಹಿತಿ ಮಾಲೆ ಹಾಕುತ್ತಾರೆ. ಲೈಕು ಬಂದರೆ ಸಂತೋಷಪಟ್ಟು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಆದರೆ ‘ಬಿಗಿಯಾಗಿ ಕಟ್ಟಬೇಡಿ’ ಎಂದು ಬರೆದ ಸ್ಲೈಡಿನವರೆಗೆ ಎಷ್ಟು ಜನ ಬಂದರು ಎಂಬುದನ್ನು ಲೈಕು ಹೇಳುವುದಿಲ್ಲ. ಅದನ್ನು ಹೇಳುವ ಅಂಕಿಗಳು ಬೇರೆ ಇವೆ.

ಮೊದಲು ಈ ಅಂಕಿಗಳು ಎಲ್ಲಿ ಸಿಗುತ್ತವೆ ಎಂದು ನೋಡೋಣ. ಖಾತೆಯನ್ನು ವೃತ್ತಿಪರ ಖಾತೆಯಾಗಿ ಬದಲಿಸಿಕೊಂಡವರಿಗೆ ಇನ್‌ಸೈಟ್ಸ್ ಎಂಬ ವಿಭಾಗ ತೆರೆದುಕೊಳ್ಳುತ್ತದೆ. ಒಂದೇ ಪೋಸ್ಟಿನಲ್ಲಿ ಹಲವು ಸ್ಲೈಡುಗಳನ್ನು ಜೋಡಿಸಿದರೆ, ಅಂದರೆ ಕ್ಯಾರೊಸೆಲ್ ಮಾಡಿದರೆ, ಸೇವ್ ಮತ್ತು ಶೇರ್‌ಗಳ ಲೆಕ್ಕ ಇಡೀ ಪೋಸ್ಟಿಗೆ ಒಟ್ಟಾಗಿ ಬರುತ್ತದೆ. ಅದೇ ಸ್ಲೈಡುಗಳನ್ನು ಸ್ಟೋರಿಯಾಗಿ ಒಂದರ ಹಿಂದೆ ಒಂದು ಹಾಕಿದರೆ ಪ್ರತಿ ಸ್ಲೈಡಿಗೂ ಅದರದೇ ಲೆಕ್ಕ ಸಿಗುತ್ತದೆ. ಹಾಗಾಗಿ ನಾನು ಒಪ್ಪುವ ಕ್ರಮ ಇದು: ಮೊದಲು ಸ್ಟೋರಿಯಲ್ಲಿ ಹಾಕಿ ಜನ ಎಲ್ಲಿ ಬಿಡುತ್ತಾರೆ ಎಂದು ನೋಡುವುದು, ತಿದ್ದುವುದು, ಆಮೇಲೆ ಕ್ಯಾರೊಸೆಲ್ ಮಾಡಿ ಸೇವ್, ಶೇರ್ ನೋಡುವುದು.

ಒಂದು ಮಾಲೆಯನ್ನೇ ಎದುರಿಗಿಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ದುಂಡಗೆ ಇಟ್ಟಿದ್ದೇನೆ. ಹಾವು ಕಡಿತದ ಪ್ರಥಮ ಚಿಕಿತ್ಸೆಯ ಬಗ್ಗೆ ಎಂಟು ಸ್ಲೈಡು. ಮೊದಲನೆಯದನ್ನು ನೋಡಿದವರು 1000, ಎರಡನೆಯದನ್ನು 720, ಮೂರನೆಯದನ್ನು 670, ನಾಲ್ಕನೆಯದನ್ನು 630. ಐದಕ್ಕೆ ಬಂದಾಗ ಒಮ್ಮೆಲೇ 440. ಅಲ್ಲಿಂದ ಮುಂದೆ ನಿಧಾನಕ್ಕೆ ಇಳಿದು ಎಂಟನೆಯದಕ್ಕೆ 390.

ಪ್ರತಿ ಸ್ಲೈಡನ್ನೂ ಮೊದಲನೆಯದರ ಜೊತೆ ಹೋಲಿಸಿದರೆ ಕೊನೆಯ ಸ್ಲೈಡೇ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ಅದು ತಪ್ಪು ಲೆಕ್ಕ. ಹಿಂದಿನ ಸ್ಲೈಡ್ ನೋಡಿದವರಲ್ಲಿ ಎಷ್ಟು ಮಂದಿ ಮುಂದಿನದಕ್ಕೆ ಬರಲಿಲ್ಲ ಎಂದು ಕೇಳಬೇಕು. ಹಾಗೆ ಕೇಳಿದರೆ ಮೊದಲನೆಯದರಿಂದ ಎರಡನೆಯದಕ್ಕೆ ನೂರಕ್ಕೆ 28 ಮಂದಿ ಕಳಚಿಕೊಂಡಿದ್ದಾರೆ. ಇದಕ್ಕೆ ಗಾಬರಿ ಬೇಡ. ಬೆರಳು ಆಡಿಸುತ್ತಾ ಬಂದವರು, ವಿಷಯ ತಮಗೆ ಬೇಡ ಎನಿಸಿದವರು ಅಲ್ಲಿಯೇ ಹೋಗುತ್ತಾರೆ. ಎರಡರಿಂದ ನಾಲ್ಕರವರೆಗೆ ಪ್ರತಿ ಹೆಜ್ಜೆಗೆ ಆರೇಳು ಮಂದಿ. ನಾಲ್ಕರಿಂದ ಐದಕ್ಕೆ ಮಾತ್ರ 630ರಲ್ಲಿ 190 ಜನ, ಅಂದರೆ ನೂರಕ್ಕೆ 30 ಮಂದಿ ಬರಲಿಲ್ಲ. ವಿಷಯ ಬೇಕೆಂದೇ ಕೂತಿದ್ದವರು ಇವರು. ತೊಂದರೆ ಇರುವುದು ಇಲ್ಲಿ.

ಈಗ ಬಹಳ ಜನ ಎಡವುವ ಜಾಗಕ್ಕೆ ಬಂದೆವು. ಸಂಖ್ಯೆ ಕುಸಿದದ್ದು ಐದನೆಯ ಸ್ಲೈಡಿನಲ್ಲಿ, ಆದ್ದರಿಂದ ಐದನ್ನು ತಿದ್ದೋಣ ಎಂದು ಕೂತುಬಿಡುತ್ತಾರೆ. ಸ್ವಲ್ಪ ಯೋಚಿಸಿ: ಆ 190 ಜನ ಐದನ್ನು ನೋಡಿಯೇ ಇಲ್ಲ. ಅವರ ಕಣ್ಣಿಗೆ ಕೊನೆಯದಾಗಿ ಬಿದ್ದದ್ದು ನಾಲ್ಕನೆಯದು. ಅವರನ್ನು ಎಬ್ಬಿಸಿದ್ದು ಅದೇ. ತಿದ್ದಬೇಕಾದದ್ದೂ ಅದನ್ನೇ.

ನಮ್ಮ ನಾಲ್ಕನೆಯ ಸ್ಲೈಡಿನಲ್ಲಿ ಏನಿತ್ತು? ‘ಮಾಡಬಾರದ ಕೆಲಸಗಳು’ ಎಂಬ ತಲೆಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ ಏಳು ಸಾಲು. ಕೊಯ್ಯಬಾರದು, ಬಾಯಲ್ಲಿ ವಿಷ ಹೀರಬಾರದು, ಹಗ್ಗ ಬಿಗಿಯಬಾರದು, ಪ್ರತಿಯೊಂದಕ್ಕೂ ಒಂದು ಕಾರಣ. ಮಾಹಿತಿ ಸರಿಯಾಗಿಯೇ ಇದೆ. ಆದರೆ ಫೋನನ್ನು ಮುಖದ ಹತ್ತಿರ ತರದೆ ಓದಲಾಗದು.

ಅನುಮಾನ ಪರಿಹರಿಸಿಕೊಳ್ಳಲು ಸ್ಟೋರಿಯ ಲೆಕ್ಕದಲ್ಲಿ ಇನ್ನೂ ಮೂರು ಪದಗಳನ್ನು ನೋಡಬೇಕು. Exited ಎಂದರೆ ಸ್ಟೋರಿ ನೋಡುವುದನ್ನೇ ಬಿಟ್ಟು ಹೋದವರು. ಅವರಿಗೆ ಬಸ್ಸು ಬಂದಿರಬಹುದು, ಯಾರೋ ಕರೆದಿರಬಹುದು. Next story ಎಂದರೆ ನಿಮ್ಮನ್ನು ದಾಟಿ ಇನ್ನೊಬ್ಬರ ಸ್ಟೋರಿಗೆ ಹೋದವರು. ಅವರಿಗೆ ಸಮಯವಿತ್ತು, ನಿಮ್ಮದು ಸಾಕೆನಿಸಿತು. ನಾಲ್ಕನೆಯದರಲ್ಲಿ ಈ ಎರಡನೆಯ ಗುಂಪೇ ದೊಡ್ಡದಾಗಿದ್ದರೆ ದೋಷ ಸ್ಲೈಡಿನದೇ. ಮೂರನೆಯದು Back. ಇದು ಹಿಂದಿನ ಸ್ಲೈಡಿಗೆ ಮರಳಲು ಒತ್ತಿದವರ ಲೆಕ್ಕ. ಐದನೆಯದರಲ್ಲಿ ಇದು ಹೆಚ್ಚಿದ್ದರೆ ಜನ ನಾಲ್ಕನ್ನು ಮತ್ತೆ ಓದಲು ಹೋಗಿದ್ದಾರೆಂದು ಅರ್ಥ. ಬೇಕಾದ ವಿಷಯ, ಓದಲು ಬಿಡದ ಬರವಣಿಗೆ. ಅಂಥ ಸ್ಲೈಡನ್ನು ಕಿತ್ತು ಹಾಕಬಾರದು, ಒಡೆದು ಬರೆಯಬೇಕು.

ಒಡೆದರೆ ಹೀಗಾಗುತ್ತದೆ. ಒಂದು ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ ಮೂರೇ ಮಾತು: ಕೊಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ. ಇನ್ನೊಂದರಲ್ಲಿ ಒಂದೇ ಕಾರಣ: ಬಿಗಿದು ಕಟ್ಟಿದರೆ ರಕ್ತ ಹರಿಯುವುದು ನಿಂತು ಕೈಕಾಲಿಗೇ ಅಪಾಯ. ಉಳಿದ ಕಾರಣಗಳನ್ನು ಪೋಸ್ಟಿನ ಕೆಳಗಿನ ಬರಹಕ್ಕೆ ಇಳಿಸಬಹುದು. ಮತ್ತೆ ಸ್ಟೋರಿ ಹಾಕಿದಾಗ ಒಟ್ಟು ನೋಡಿದವರನ್ನು ಹೋಲಿಸಬೇಡಿ. ಭಾನುವಾರದ ಸಂಜೆಗೂ ಮಂಗಳವಾರದ ಬೆಳಿಗ್ಗೆಗೂ ಜನ ಬೇರೆ. ಆ ಒಂದು ಹೆಜ್ಜೆಯಲ್ಲಿ ನೂರಕ್ಕೆ 30 ಇದ್ದದ್ದು 10ಕ್ಕೆ ಇಳಿಯಿತೇ ಎಂದಷ್ಟೇ ನೋಡಿ. ಒಂದು ಸಲಕ್ಕೆ ಒಂದೇ ಜಾಗದಲ್ಲಿ ಕೈಯಾಡಿಸಿ, ಇಲ್ಲದಿದ್ದರೆ ಯಾವ ತಿದ್ದುಪಡಿ ಫಲ ಕೊಟ್ಟಿತೆಂದು ತಿಳಿಯದು. ಇಪ್ಪತ್ತು ಜನರಲ್ಲಿ ಮೂವರು ಬಿಟ್ಟು ಹೋದರೂ ನೂರಕ್ಕೆ 15 ಎಂದೇ ಕಾಣುತ್ತದೆ. ಅಷ್ಟು ಸಣ್ಣ ಸಂಖ್ಯೆಯನ್ನು ನಂಬಿ ಏನನ್ನೂ ಬದಲಿಸಬೇಡಿ.

ಇನ್ನು ಕ್ಯಾರೊಸೆಲ್. ಸೇವ್ ಮತ್ತು ಶೇರ್ ಎರಡನ್ನೂ ಪೋಸ್ಟ್ ತಲುಪಿದ ಜನರ ಸಂಖ್ಯೆಯಿಂದ ಭಾಗಿಸಿ ನೋಡಬೇಕು. 2000 ಜನರಿಗೆ ತಲುಪಿ 90 ಸೇವ್, 20 ಶೇರ್ ಬಂದಿತೆನ್ನಿ. ನೂರಕ್ಕೆ ನಾಲ್ಕೂವರೆ ಜನ ‘ಆಮೇಲೆ ಬೇಕಾದೀತು’ ಎಂದು ಎತ್ತಿಟ್ಟರು. ‘ಇದು ಅವರಿಗೆ ತಿಳಿಯಲಿ’ ಎಂದು ಕಳಿಸಿದವರು ನೂರಕ್ಕೆ ಒಬ್ಬರು. ಅಡುಗೆಯ ಅಳತೆಗಾದರೆ ಈ ಫಲಿತಾಂಶ ಚೆನ್ನ. ಹಾವು ಕಡಿತಕ್ಕೆ ಸಾಲದು. ಹಾವು ಕಚ್ಚಿದ ಗಳಿಗೆಯಲ್ಲಿ ಸೇವ್ ಮಾಡಿದ್ದನ್ನು ಹುಡುಕಿ ಓದುವವರಿಲ್ಲ. ಊರಿನ ಅಪ್ಪನಿಗೆ, ತೋಟದ ಆಳಿಗೆ ಮೊದಲೇ ತಿಳಿದಿರಬೇಕು.

ಸೇವ್ ಇದ್ದು ಶೇರ್ ಇಲ್ಲದಿದ್ದರೆ ನಾನು ಮೊದಲು ನೋಡುವುದು ಕೊನೆಯ ಸ್ಲೈಡನ್ನು. ‘ಸೇವ್ ಮಾಡಿಕೊಳ್ಳಿ’ ಎಂದು ಬರೆದಿದ್ದರೆ ಜನ ಅದನ್ನೇ ಮಾಡಿದ್ದಾರೆ. ಅದರ ಬದಲು ‘ಹೊಲಕ್ಕೆ ಹೋಗುವ ನಿಮ್ಮವರಿಗೆ ಕಳಿಸಿ’ ಎಂದು ಬರೆದು ನೋಡಬೇಕು. ಆಮೇಲೆ ಸೇವ್ ಕೊಂಚ ಇಳಿದು ಶೇರ್ ಏರಿದರೆ ಅದು ನಷ್ಟವಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ಎಷ್ಟೋ ಜನ ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದು ಶೇರ್ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ‘ಹಿಂದೆ ಹೇಳಿದಂತೆ’ ಎಂದು ಶುರುವಾಗುವ ಸ್ಲೈಡ್ ಬೇಡ. ಒಂಟಿಯಾಗಿ ಹೋದರೂ ಪ್ರತಿ ಸ್ಲೈಡಿನ ಅರ್ಥ ಕೆಡಬಾರದು.

ಕೊನೆಗೆ ಆ 390ಕ್ಕೆ ಬರುತ್ತೇನೆ. ನಮ್ಮ ಮಾಲೆಯ ಎಂಟನೆಯ ಸ್ಲೈಡಿನಲ್ಲಿ ಇದ್ದದ್ದು ‘ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ, 108ಕ್ಕೆ ಕರೆ ಮಾಡಿ, ವಿಷಕ್ಕೆ ಔಷಧಿ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ’ ಎಂಬ ಮಾತು. ಅದರ ಹಿಂದಿನ ಸ್ಲೈಡಿನಿಂದ ಬಿಟ್ಟು ಹೋದವರು ಬಹಳ ಕಡಿಮೆ, ಹಾಗಾಗಿ ಲೆಕ್ಕ ಅದರ ಮೇಲೆ ಯಾವ ದೂರನ್ನೂ ಹೇಳುವುದಿಲ್ಲ. ಆದರೂ ಶುರು ಮಾಡಿದ 1000 ಜನರಲ್ಲಿ 610 ಮಂದಿ ಈ ಮಾತನ್ನು ಓದಲಿಲ್ಲ. ಹಾವುಗಳ ಚಿತ್ರವಿರುವ ಎರಡನೆಯ ಸ್ಲೈಡನ್ನು ಹಿಂದಕ್ಕೆ ಕಳಿಸಿ, ಇದನ್ನು ಆ ಜಾಗಕ್ಕೆ ತನ್ನಿ. ಇಂಥ ಮಾಹಿತಿ ಹಾಕುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇಷ್ಟೇ: ಈ ಮಳೆಗಾಲದ ಪೋಸ್ಟ್ ಹಾಕುವ ಮೊದಲು, ಜೀವ ಉಳಿಸುವ ಸಾಲು ಎಷ್ಟನೆಯ ಸ್ಲೈಡಿನಲ್ಲಿದೆ ಎಂದು ಒಮ್ಮೆ ಎಣಿಸಿ ನೋಡಿ.