ಬೆಣ್ಣೆಗೆ ತಂಪು, ತುಪ್ಪಕ್ಕೆ ಒಣ ಜಾಗ

ದಿನಕ್ಕೆ 2 ಲೀಟರ್ ಹಾಲು ಕಾಯಿಸುವ ಮನೆಯಲ್ಲಿ 10 ದಿನ ಕೆನೆ ಕೂಡಿಟ್ಟು ಕಡೆದರೆ ಹೆಚ್ಚುಕಡಿಮೆ ಅರ್ಧ ಕಿಲೋ ಬೆಣ್ಣೆ ಸಿಗುತ್ತದೆ. ಅದನ್ನು ಕಾಯಿಸಿ ಸೋಸಿದರೆ ಕೈಗೆ ಬರುವ ತುಪ್ಪ 400 ಗ್ರಾಂ ಆಸುಪಾಸು. ಕಡಿಮೆಯಾದ 100 ಗ್ರಾಂನಲ್ಲಿ ಬಹುಪಾಲು ನೀರು, ಮಿಕ್ಕಿದ್ದು ಪಾತ್ರೆಯ ತಳದಲ್ಲಿ ಕಂದುಬಣ್ಣಕ್ಕೆ ತಿರುಗಿದ ಗಸಿ. ಬೇಸಿಗೆಯಲ್ಲಿ ಹೊರಗಿಟ್ಟ ಬಿಳಿ ಬೆಣ್ಣೆ ಎರಡು ಮೂರು ದಿನಕ್ಕೇ ಕಮಟು ಹತ್ತುತ್ತದೆ. ಅದೇ ಬೆಣ್ಣೆಯ ತುಪ್ಪ ಅದೇ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಘಮಘಮಿಸುತ್ತಿರುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಕಾಯಿಸುವಾಗ ಹೊರಟುಹೋದ ಆ 100 ಗ್ರಾಂ.

ಬೆಣ್ಣೆಯೆಂದರೆ ಬರೀ ಕೊಬ್ಬಲ್ಲ. ಕೊಬ್ಬಿನ ನಡುವೆ ಅಲ್ಲಲ್ಲಿ ನೀರಿನ ಹನಿಗಳು ಸಿಕ್ಕಿಕೊಂಡಿರುತ್ತವೆ, ಆ ಹನಿಗಳಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ. ಬ್ಯಾಕ್ಟೀರಿಯಾಗಳಿಗೆ ಬೇಕಾದ ನೀರು ಮತ್ತು ಆಹಾರ ಎರಡೂ ಅಲ್ಲೇ ಇವೆ. ಕಾರ್ಖಾನೆಯ ಬೆಣ್ಣೆಯಲ್ಲಿ ಈ ಹನಿಗಳನ್ನು ತೀರಾ ಸಣ್ಣದಾಗಿಸಿರುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚು ಬೆಳೆಯಲಾರವು. ಅಲ್ಲದೆ ಉಪ್ಪು ಹಾಕಿದ ಟೇಬಲ್ ಬೆಣ್ಣೆಯಲ್ಲಿ ಉಪ್ಪೆಲ್ಲ ಕರಗಿರುವುದು ಕೊಬ್ಬಿನಲ್ಲಲ್ಲ, ಆ ನೀರಿನಲ್ಲಿ. 100 ಗ್ರಾಂ ಬೆಣ್ಣೆಯಲ್ಲಿ 16 ಗ್ರಾಂ ನೀರು, 2 ಗ್ರಾಂ ಉಪ್ಪು ಇದೆಯೆಂದುಕೊಂಡರೆ ಆ ಹನಿಗಳು ಶೇಕಡಾ 11ರಷ್ಟು ಉಪ್ಪಿರುವ ಗಟ್ಟಿ ಉಪ್ಪುನೀರು. ಮನೆಯಲ್ಲಿ ಕಡೆದ ಬಿಳಿ ಬೆಣ್ಣೆಗೆ ಈ ಎರಡು ರಕ್ಷಣೆಯೂ ಇಲ್ಲ. ಉಪ್ಪು ಹಾಕಿದ ಬೆಣ್ಣೆಯನ್ನು ತಂಪು ದಿನಗಳಲ್ಲಿ ಒಂದು ದಿನ ಮೇಜಿನ ಮೇಲಿಟ್ಟರೆ ಕೆಡುವುದಿಲ್ಲ, ಆದರೆ ದಾವಣಗೆರೆ ದೋಸೆಯ ಮೇಲೆ ಕರಗುವಂಥ ಬಿಳಿ ಬೆಣ್ಣೆಗೆ ಫ್ರಿಜ್ಜೇ ಸರಿ.

ಫ್ರಿಜ್ಜು ಮನೆಮನೆಗೆ ಬರುವ ಮೊದಲು ಹಳ್ಳಿಗಳಲ್ಲಿ ಬೆಣ್ಣೆಯ ಉಂಡೆಯನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟು ದಿನವೂ ನೀರು ಬದಲಿಸುತ್ತಿದ್ದರು. ಇದರಲ್ಲಿ ಒಳ್ಳೆಯ ಲೆಕ್ಕಾಚಾರವಿದೆ. ನೀರು ಗಾಳಿಯನ್ನು ತಡೆಯುತ್ತದೆ, ಬೆಣ್ಣೆಯನ್ನು ತಂಪಾಗಿಡುತ್ತದೆ, ಮೇಲ್ಮೈಯ ಮಜ್ಜಿಗೆಯನ್ನು ತೊಳೆದು ಹಾಕುತ್ತದೆ. ಒಂದು ದಿನ ನೀರು ಬದಲಿಸುವುದು ಮರೆತರೆ ಮಾತ್ರ ಆ ನೀರೇ ಹುಳಿಯಾಗುತ್ತದೆ. ಇವತ್ತಿಗೂ ಕಡೆದ ಬೆಣ್ಣೆಯನ್ನು ಮೂರು ನಾಲ್ಕು ಸಲ ತಣ್ಣೀರಿನಲ್ಲಿ, ತೊಳೆದ ನೀರು ತಿಳಿಯಾಗುವವರೆಗೆ ಹಿಸುಕಿ ತೊಳೆಯುವುದು ವ್ಯರ್ಥ ಕೆಲಸವಲ್ಲ. ಫ್ರಿಜ್ಜಿನಲ್ಲಿಡುವಾಗ ಮುಚ್ಚಳ ಬಿಗಿಯಾಗಿರಬೇಕು, ಏಕೆಂದರೆ ಈರುಳ್ಳಿ, ಬೆಳ್ಳುಳ್ಳಿ, ಹಲಸಿನ ಹಣ್ಣಿನ ವಾಸನೆಯನ್ನೆಲ್ಲ ಬೆಣ್ಣೆ ಹೀರಿಕೊಳ್ಳುತ್ತದೆ. ವಾರಕ್ಕಿಂತ ಹೆಚ್ಚು ದಿನ ಇಡುವುದಾದರೆ ಫ್ರೀಜರ್‌ನಲ್ಲಿಡುವುದು ಲೇಸು.

ಇನ್ನು ತುಪ್ಪ. ಆಹಾರ ಕಾನೂನಿನ ಪ್ರಕಾರ ತುಪ್ಪದಲ್ಲಿ ನೀರಿನಂಶ ಶೇಕಡಾ 0.5 ಮೀರುವಂತಿಲ್ಲ. ಅಷ್ಟು ಒಣಗಿದ ಕೊಬ್ಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹಾಗಾಗಿ ಸರಿಯಾಗಿ ಕಾಯಿಸಿದ ತುಪ್ಪಕ್ಕೆ ಫ್ರಿಜ್ಜು ಬೇಕಿಲ್ಲ. ಇಟ್ಟರೆ ಕೆಡುವುದೂ ಇಲ್ಲ, ಕಲ್ಲಿನಂತೆ ಗಟ್ಟಿಯಾಗುತ್ತದೆ ಅಷ್ಟೆ. ತೊಂದರೆಯಿರುವುದು ದಿನವೂ ಒಳಗೆ ಹೊರಗೆ ಮಾಡುವುದರಲ್ಲಿ. ತಣ್ಣಗಿನ ಡಬ್ಬಿಯ ಮುಚ್ಚಳ ತೆರೆದೊಡನೆ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಂತೂ ಇದು ಬೇಗ ಆಗುತ್ತದೆ. ದೊಡ್ಡ ಪ್ರಮಾಣದ ತುಪ್ಪವಿದ್ದರೆ ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಸಣ್ಣ ಡಬ್ಬಿಯಲ್ಲಿ ಹೊರಗಿಟ್ಟುಕೊಂಡು, ಮಿಕ್ಕಿದ್ದನ್ನು ಕಂಠಪೂರ್ತಿ ತುಂಬಿ, ಕತ್ತಲೆಯ ತಂಪು ಜಾಗದಲ್ಲೋ ಫ್ರಿಜ್ಜಿನಲ್ಲೋ ತೆರೆಯದೆ ಇಡುವುದು ಜಾಣತನ.

'ಸರಿಯಾಗಿ ಕಾಯಿಸಿದ' ಎಂಬುದೇ ಇಲ್ಲಿ ಮುಖ್ಯ. ಬೆಣ್ಣೆ ಕರಗಿದ ಮೇಲೆ ದೊಡ್ಡ ನೊರೆಯೆದ್ದು ಚಿಟಪಟ ಸದ್ದು ಕೇಳುತ್ತದೆ; ಅದು ನೀರು ಆವಿಯಾಗುವ ಸದ್ದು. ಸದ್ದು ಅಡಗಿ, ಸಣ್ಣ ಗುಳ್ಳೆಗಳ ನೊರೆ ಬಂದು, ತಳದ ಗಸಿ ಕೆಂಪಡರುವ ಹೊತ್ತಿಗೆ ತುಪ್ಪದ ಶಾಖ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗಸಿ ಕರಿದಾಗುತ್ತದೆಂಬ ಭಯಕ್ಕೆ ಸದ್ದು ನಿಲ್ಲುವ ಮೊದಲೇ ಇಳಿಸಿದರೆ ನೀರು ಉಳಿಯುತ್ತದೆ. ಸೋಸಿದ ಮೇಲೆ ತುಪ್ಪ ಪೂರ್ತಿ ಆರುವ ತನಕ ಬಿಗಿಯಾಗಿ ಮುಚ್ಚಬಾರದು. ಇಲ್ಲದಿದ್ದರೆ ಮುಚ್ಚಳಕ್ಕೆ ಕಟ್ಟಿದ ಹನಿ ಮತ್ತೆ ತುಪ್ಪಕ್ಕೇ ಬೀಳುತ್ತದೆ. ಕೊನೆಯಲ್ಲಿ ಒಂದು ವೀಳ್ಯದೆಲೆ ಅಥವಾ ಕರಿಬೇವಿನ ಎಸಳು ಹಾಕುವುದು ಪರಿಮಳಕ್ಕೆ ಮಾತ್ರವಲ್ಲ. ಈ ಎಲೆಗಳಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಕೊಬ್ಬು ಗಾಳಿಯೊಡನೆ ಬೆರೆತು ಕೆಡುವುದನ್ನು ನಿಧಾನಗೊಳಿಸುತ್ತವೆ.

ಕಮಟಿನಲ್ಲಿ ಎರಡು ಬಗೆ. ಮೊದಲನೆಯದು ನೀರು ಮತ್ತು ಕಿಣ್ವಗಳಿಂದ ಆಗುವಂಥದ್ದು. ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದು ಬ್ಯುಟಿರಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ. ವಾಂತಿಯನ್ನು ನೆನಪಿಸುವ, ಮೂಗಿಗೆ ಹೊಡೆಯುವ ವಾಸನೆ ಅದರದ್ದು. ಹೆಪ್ಪು ಹಾಕಿದ ಬೆಣ್ಣೆಯ ಹಿತವಾದ ಹುಳಿವಾಸನೆ ಬೇರೆ, ಇದು ಬೇರೆ. ಬೆಣ್ಣೆ ಕೆಡುವುದು ಹೆಚ್ಚಾಗಿ ಹೀಗೆ. ಎರಡನೆಯದು ಗಾಳಿ, ಬೆಳಕು ಮತ್ತು ಶಾಖದಿಂದ ಆಗುವಂಥದ್ದು. ಇದರಲ್ಲಿ ಹಳೆಯ ಎಣ್ಣೆ, ಒದ್ದೆ ರಟ್ಟು ಅಥವಾ ಪೇಂಟಿನಂಥ ವಾಸನೆ ಬರುತ್ತದೆ. ತುಪ್ಪ ಕೆಡುವುದು ಹೆಚ್ಚಾಗಿ ಹೀಗೆ. ತಾಮ್ರ ಇದನ್ನು ಚುರುಕುಗೊಳಿಸುತ್ತದೆ. ಹಾಗಾಗಿ ಕಲಾಯಿ ಸವೆದ ಹಿತ್ತಾಳೆ ಪಾತ್ರೆ ತುಪ್ಪಕ್ಕೆ ಸಲ್ಲದು. ಒಲೆಯ ಪಕ್ಕದ ಕಟ್ಟೆ, ಬಿಸಿಲು ಬೀಳುವ ಕಿಟಕಿಯೂ ಸಲ್ಲವು.

ಪರೀಕ್ಷೆ ಸುಲಭ. ತಣ್ಣಗಿನ ತುಪ್ಪದ ವಾಸನೆ ಸರಿಯಾಗಿ ತಿಳಿಯುವುದಿಲ್ಲ. ಚಿಟಿಕೆಯಷ್ಟನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗಾದ ಮೇಲೆ ಮೂಸಬೇಕು. ಅನುಮಾನ ಉಳಿದರೆ ನಾಲಿಗೆಗೆ ಸೋಕಿಸಿದಾಗ ಕಹಿ, ಗಂಟಲಲ್ಲಿ ಕೆರೆತ ಗೊತ್ತಾಗುತ್ತದೆ. ಹಸುವಿನ ತುಪ್ಪವಾದರೆ ಮೇಲ್ಭಾಗದ ಹಳದಿ ಪೇಲವವಾಗಿರುವುದೂ ಒಂದು ಸುಳಿವು, ಎಮ್ಮೆಯ ತುಪ್ಪ ಮೊದಲೇ ಬಿಳುಪಾದ್ದರಿಂದ ಅಲ್ಲಿ ಬಣ್ಣ ನೆರವಾಗದು. ಹರಳುಗಟ್ಟಿದ್ದು, ಬೇಸಿಗೆಯಲ್ಲಿ ಮೇಲೆ ಎಣ್ಣೆಯಂತೆ ತಿಳಿ ನಿಂತದ್ದು ಕೆಟ್ಟ ಗುರುತಲ್ಲ. ಡಬ್ಬಿಯ ತಳದಲ್ಲಿ ನೀರು ಕಂಡರೆ, ಬೂಷ್ಟು ಕಂಡರೆ ಮಾತ್ರ ಎಚ್ಚರ ಬೇಕು. ಒದ್ದೆ ಚಮಚದಿಂದ ಬಿದ್ದ ನೀರು ತುಪ್ಪಕ್ಕಿಂತ ಭಾರವಾದ್ದರಿಂದ ತಳ ಸೇರುತ್ತದೆ. ಬೆಣ್ಣೆಯ ಮೇಲ್ಪದರ ಗಾಢ ಹಳದಿಯಾಗಿದ್ದರೆ ಅದು ಗಾಳಿಗೆ ಒಣಗಿದ ಗುರುತು. ಹಸಿರು, ಕಪ್ಪು, ಗುಲಾಬಿ ಚುಕ್ಕೆಗಳಿದ್ದರೆ ಅಷ್ಟೂ ಬೆಣ್ಣೆಯನ್ನು ಎಸೆಯಬೇಕು.

ಮನೆಯ ತುಪ್ಪ ತಿಂಗಳೊಳಗೇ ಕಮಟಾದರೆ ತುಪ್ಪದ ಡಬ್ಬಿಯ ಜೊತೆಗೆ ಕೆನೆಯ ಡಬ್ಬಿಯನ್ನೂ ಮೂಸಿ ನೋಡಬೇಕು. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳಿವೆ. ಹತ್ತು ಹನ್ನೆರಡು ದಿನ ಕೂಡಿಟ್ಟ ಕೆನೆಯಲ್ಲಿ ಅವುಗಳ ಲೈಪೇಸ್ ಸದ್ದಿಲ್ಲದೆ ಕೆಲಸ ಮಾಡಿರುತ್ತದೆ. ಆಗ ಹುಟ್ಟಿದ ಆಮ್ಲಗಳಲ್ಲಿ ಸ್ವಲ್ಪ ಭಾಗ ಕಾಯಿಸುವಾಗ ಆವಿಯಾಗಿ ಹೋದರೂ ಮಿಕ್ಕಿದ್ದು ತುಪ್ಪದಲ್ಲೇ ಉಳಿಯುತ್ತದೆ. ಕೆನೆಯನ್ನು ಫ್ರೀಜರ್‌ನಲ್ಲಿ ಕೂಡಿಡುವುದು, ಇಲ್ಲವೇ ಐದಾರು ದಿನಕ್ಕೊಮ್ಮೆ ಕಡೆದುಬಿಡುವುದು ಇದಕ್ಕೆ ಪರಿಹಾರ.

ಕಮಟಾದ ತುಪ್ಪವನ್ನು ಮತ್ತೆ ಕಾಯಿಸಿ ಎಲೆ ಹಾಕಿದರೆ ವಾಸನೆ ಒಂದಿಷ್ಟು ಅಡಗುತ್ತದೆಯೇ ಹೊರತು ಕೆಟ್ಟ ಕೊಬ್ಬು ಸರಿಹೋಗುವುದಿಲ್ಲ. ಅದು ದೇವರ ದೀಪಕ್ಕೆ ಆದೀತು, ಅನ್ನಕ್ಕೆ ಬೇಡ. ಆಯುರ್ವೇದದ ಪುರಾಣ ಘೃತ ಔಷಧಿಗೆಂದೇ ಹಳತು ಮಾಡಿದ ತುಪ್ಪ; ಅದನ್ನು ನೆಪ ಮಾಡಿಕೊಂಡು ಕಮಟು ತುಪ್ಪ ತಿನ್ನುವುದು ಸರಿಯಲ್ಲ. ಹಳೆಯ ಡಬ್ಬಿಯ ತಳದಲ್ಲಿ ಉಳಿದ ತುಪ್ಪದ ಮೇಲೆ ಹೊಸದನ್ನು ಸುರಿಯುವ ರೂಢಿಯನ್ನೂ ಬಿಡಬೇಕು. ಹಳೆಯದರಲ್ಲಿ ಹುಟ್ಟಿಕೊಂಡ ಪೆರಾಕ್ಸೈಡುಗಳು ಹೊಸ ತುಪ್ಪವೂ ಬೇಗ ಕೆಡುವಂತೆ ಮಾಡುತ್ತವೆ. ಡಬ್ಬಿಯನ್ನು ಬಿಸಿನೀರು, ಸೋಪಿನಲ್ಲಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು ತೇವವೆಲ್ಲ ಆರಿದ ಮೇಲೆಯೇ ಹೊಸ ತುಪ್ಪ ತುಂಬಬೇಕು.