ತಾನೇ ಪ್ರಾಸವಾಗುವ ಇಪ್ಪತ್ತು ಹೆಸರುಗಳು

ಮೊದಲ ಇಪ್ಪತ್ತು ಧಾತುಗಳನ್ನು ಕ್ರಮವಾಗಿ ಬಾಯಿಪಾಠ ಮಾಡಿಸಲು ಶಾಲೆಗಳಲ್ಲಿ ಹೆಚ್ಚಾಗಿ ನಡೆಯುವ ಉಪಾಯವೆಂದರೆ, ಸಂಕೇತಗಳ ಮೊದಲಕ್ಷರ ಹಿಡಿದು ಒಂದು ತಮಾಷೆಯ ವಾಕ್ಯ ಕಟ್ಟುವುದು. ವಾಕ್ಯವೇನೋ ನೆನಪಿನಲ್ಲಿ ಉಳಿಯುತ್ತದೆ, ಧಾತು ಉಳಿಯುವುದಿಲ್ಲ. ಕಾರಣ ಸರಳ. ಈ ಇಪ್ಪತ್ತರಲ್ಲಿ ಹದಿನಾಲ್ಕು ಧಾತುಗಳ ಸಂಕೇತಗಳು ಮೊದಲಕ್ಷರವನ್ನು ಇನ್ನೊಂದರ ಜೊತೆ ಹಂಚಿಕೊಂಡಿವೆ. ಕಾರ್ಬನ್, ಕ್ಲೋರಿನ್, ಕ್ಯಾಲ್ಸಿಯಂ ಮೂರಕ್ಕೂ C. ನೈಟ್ರೋಜನ್, ನಿಯಾನ್, ಸೋಡಿಯಂ ಮೂರಕ್ಕೂ N. ವಾಕ್ಯ ಒಪ್ಪಿಸಿದ ಮಗು, ಆ N ಯಾವ N ಎಂಬುದನ್ನು ಮತ್ತೆ ಬೇರೆಯಾಗಿ ನೆನಪಿಡಬೇಕು. ಹಾಗಿದ್ದ ಮೇಲೆ ನಡುವೆ ಆ ವಾಕ್ಯವಾದರೂ ಯಾಕೆ? ಹೆಸರುಗಳನ್ನೇ ಹಾಡಬಹುದು. ಒಂದು ಪದವನ್ನೂ ಸೇರಿಸದೆ, ಪರಮಾಣುವಿನೊಳಗೆ ಎಲೆಕ್ಟ್ರಾನ್ ಕವಚಗಳು ತುಂಬುವಂತೆ 2, 8, 8, 2 ಎಂದು ಪಟ್ಟಿಯನ್ನು ಮುರಿದು ಬರೆದರೆ ಅದು ತಾನಾಗಿಯೇ ಪದ್ಯವಾಗುತ್ತದೆ. ಎಂಟರ ಸಾಲು ಉದ್ದವಾದ್ದರಿಂದ ಅದನ್ನು ನಾಲ್ಕು ನಾಲ್ಕಾಗಿ ಒಡೆದಿದ್ದೇನೆ, ಅಷ್ಟೆ.

ಹೈಡ್ರೋಜನ್, ಹೀಲಿಯಂ;

ಲಿಥಿಯಂ, ಬೆರಿಲಿಯಂ, ಬೋರಾನ್, ಕಾರ್ಬನ್,
ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ನಿಯಾನ್;

ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್,
ಫಾಸ್ಫರಸ್, ಸಲ್ಫರ್, ಕ್ಲೋರಿನ್, ಆರ್ಗಾನ್;

ಪೊಟ್ಯಾಸಿಯಂ, ಕ್ಯಾಲ್ಸಿಯಂ.

ಗಟ್ಟಿಯಾಗಿ ಓದಿ ನೋಡಿ. ಉದ್ದದ ಎರಡು ಸಾಲುಗಳೂ ನಿಯಾನ್, ಆರ್ಗಾನ್ ಎಂದು ಒಂದೇ ದನಿಯಲ್ಲಿ ಮುಗಿಯುತ್ತವೆ. ಅವುಗಳ ಹಿಂದಿನ ಹೆಸರುಗಳು ಫ್ಲೋರಿನ್, ಕ್ಲೋರಿನ್, ಇವೂ ಪ್ರಾಸ. ಅರ್ಧ ಸಾಲುಗಳ ಕೊನೆಗೆ ಕಾರ್ಬನ್, ಸಿಲಿಕಾನ್. ಆರಂಭದಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ. ಇದು ಪೂರ್ತಿ ಆಕಸ್ಮಿಕವಲ್ಲ. ಒಂದರ ಕೆಳಗೊಂದು ಬಂದ ಈ ಧಾತುಗಳು ಗುಣದಲ್ಲಿ ಬಂಧುಗಳು, ಕೆಲವಕ್ಕೆ ಹೆಸರಿಟ್ಟವರು ಆ ಬಂಧುತ್ವ ಕಂಡೇ ಹೆಸರಿನ ಬಾಲವನ್ನು ಆರಿಸಿದರು. ಸಿಲಿಕಾನ್‌ಗೆ ಮೊದಲು ಸಿಲಿಸಿಯಂ ಎಂಬ ಲೋಹದ ಹೆಸರಿತ್ತು. 1817ರಲ್ಲಿ ಥಾಮಸ್ ಥಾಮ್ಸನ್, ಇದು ಬೋರಾನ್ ಮತ್ತು ಕಾರ್ಬನ್ನಿನ ಜಾತಿಯದು ಎಂದು ಕೊನೆಯನ್ನು ಬದಲಿಸಿದ. ಕ್ಲೋರಿನ್ 1810ರಲ್ಲಿ ಹಂಫ್ರಿ ಡೇವಿ ಇಟ್ಟ ಹೆಸರು. ಸಾಲು ಮುಗಿಸುವ ಎರಡು ಜಡ ಅನಿಲಗಳು ಬಂದದ್ದು ಇನ್ನೂ ತಡವಾಗಿ: ಆರ್ಗಾನ್ 1894ರಲ್ಲಿ, ನಿಯಾನ್ 1898ರಲ್ಲಿ. 1869ರ ಮೆಂಡಲೀವ್ ಕೋಷ್ಟಕದಲ್ಲಿ ಅವೆರಡೂ ಇರಲಿಲ್ಲ. ಆಗ ಯಾರಾದರೂ ಪದ್ಯ ಕಟ್ಟಿದ್ದರೆ ಸಾಲಿಗೆ ಏಳೇ ಹೆಸರು ಬರುತ್ತಿದ್ದವು.

ಈ ಪ್ರಾಸದ ಜಾಲಕ್ಕೆ ಸಿಗದೆ ನಿಂತದ್ದು ಹೀಲಿಯಂ, ಅದರ ಕತೆ ಸ್ವಲ್ಪ ಹಿಗ್ಗಿಸಿ ಹೇಳಲೇಬೇಕು. ಅದೂ ಸಾಲಿನ ಕೊನೆಯಲ್ಲಿದೆ, ಅದೂ ಜಡ ಅನಿಲ, ಆದರೆ ಹೆಸರು ಲೋಹದ್ದು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಆಂಧ್ರದ ಗುಂಟೂರಿನಿಂದ ನೋಡಿದ. ಅಂದು ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ವೀಕ್ಷಕರಿಗೆ ಒಂದು ಹಳದಿ ಗೆರೆ ಕಂಡಿತು, ಹಲವರು ಅದನ್ನು ಸೋಡಿಯಂನದೆಂದುಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ಹಿಡಿದು ಅಳೆದ. ಸೋಡಿಯಂನ ಜೋಡಿಗೆರೆಗಳ ಪಕ್ಕದಲ್ಲೇ ಇದ್ದರೂ ಅದು ಅವುಗಳ ಜಾಗದಲ್ಲಿರಲಿಲ್ಲ. ಭೂಮಿಯಲ್ಲಿ ಯಾರೂ ಕಾಣದ ವಸ್ತುವಿಗೆ ಸೂರ್ಯನ ಹೆಸರು ಬಂತು, ಕೊನೆಗೆ ಲೋಹಗಳಿಗೆ ಸಲ್ಲುವ ‘ಯಂ’. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಆ ಅನಿಲವನ್ನು ಹೊರತೆಗೆಯುವ ಹೊತ್ತಿಗೆ ಹೆಸರು ಬೇರೂರಿತ್ತು. ಅದು ಅನಿಲವೆಂದು ಮೊದಲೇ ಗೊತ್ತಿದ್ದು ‘ಹೀಲಿಯಾನ್’ ಎಂದಿಟ್ಟಿದ್ದರೆ ನಮ್ಮ ಪದ್ಯದ ಮೊದಲ ಮೂರೂ ಸಾಲು ಒಂದೇ ಪ್ರಾಸಕ್ಕೆ ಬರುತ್ತಿದ್ದವು. ನನಗೆ ಈ ಕೊರತೆಯೇ ಇಷ್ಟ. ಹೀಲಿಯಂ, ಕ್ಯಾಲ್ಸಿಯಂ ಎರಡಕ್ಕೂ ಹೊರಕವಚದಲ್ಲಿ ಎರಡೇ ಎಲೆಕ್ಟ್ರಾನ್. ಮೊದಲನೆಯದರ ಕವಚ ಎರಡಕ್ಕೇ ತುಂಬಿದೆ, ಕೊನೆಯದರದು ತುಂಬಿಲ್ಲ. ದನಿ ಒಂದೇ, ಗುಣ ಬೇರೆ ಎಂಬುದನ್ನು ಶಿಕ್ಷಕರು ಇಲ್ಲಿ ನಿಲ್ಲಿಸಿ ಹೇಳಬೇಕು.

ಬಾಯಿಪಾಠದಿಂದ ಏನು ಬಂತು, ಕೋಷ್ಟಕ ಪುಸ್ತಕದಲ್ಲೇ ಇದೆಯಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ, ಬರೀ ಹೆಸರು ಒಪ್ಪಿಸುವುದು ರಸಾಯನಶಾಸ್ತ್ರವಲ್ಲ. ಆದರೆ ಸಾಲು ಮುರಿದ ಈ ಪದ್ಯ ಲೆಕ್ಕವನ್ನೂ ಮಾಡಿಕೊಡುತ್ತದೆ. ಸಲ್ಫರ್ ಎಂದು ಕೇಳಿದರು ಎನ್ನೋಣ. ಮೂರನೇ ಸಾಲಿನಲ್ಲಿ ಆರನೆಯದು. ಮುಗಿದ ಸಾಲುಗಳು 2 ಮತ್ತು 8, ಇದು 6. ಕೂಡಿದರೆ ಪರಮಾಣು ಸಂಖ್ಯೆ 16. ಎಲೆಕ್ಟ್ರಾನ್ ವಿನ್ಯಾಸವೂ 2, 8, 6. ಸಾಲು ತುಂಬಲು ಇನ್ನೆರಡು ಹೆಸರು ಬೇಕು, ಆದ್ದರಿಂದ ಹೈಡ್ರೋಜನ್ ಜೊತೆ ಸೇರುವಾಗ ಅದರ ವೇಲೆನ್ಸಿ 2, ಸೂತ್ರ H₂S. ಇಷ್ಟನ್ನು ಒಂಬತ್ತನೇ ತರಗತಿಯ ಮಗು ಬೆರಳು ಮಡಚುತ್ತ ಹೇಳಬಲ್ಲದು. ತಪ್ಪಾದರೂ ತಿಳಿಯುತ್ತದೆ: ಹೆಸರಿಗೊಂದು ಚಪ್ಪಾಳೆ ತಟ್ಟುತ್ತ ಹೇಳುವಾಗ ಬೋರಾನ್ ಬಿಟ್ಟುಹೋದರೆ ಆ ಅರ್ಧ ಸಾಲಿಗೆ ಮೂರೇ ಚಪ್ಪಾಳೆ. ತೂಕದ ಕ್ರಮ ನೋಡಿದವರು ಪೊಟ್ಯಾಸಿಯಂ (39.10) ಮೊದಲು, ಆರ್ಗಾನ್ (39.95) ಆಮೇಲೆ ಎಂದುಬಿಡುತ್ತಾರೆ, ಆಗ ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ ಜಡ ಅನಿಲದ ಜಾಗದಲ್ಲಿ ಬಂದು ಕೂರುತ್ತದೆ, ಪ್ರಾಸವೂ ಕೆಡುತ್ತದೆ.

ಕನ್ನಡದ ಹೆಸರುಗಳು ಯಾಕಿಲ್ಲ ಎಂಬ ಆಕ್ಷೇಪ ನನಗೂ ಹತ್ತಿರದ್ದು. ರಂಜಕ, ಗಂಧಕ ಎಂದರೆ ಎಷ್ಟು ಚೆಂದ! ಆದರೆ ಆ ಚೆಂದವೇ ಇಲ್ಲಿ ತೊಡಕು. ಎರಡಕ್ಕೂ ನಾಲ್ಕು ಮಾತ್ರೆ, ಒಂದೇ ಗುರು-ಲಘು ಕ್ರಮ. ಸಾರಜನಕ, ಆಮ್ಲಜನಕ ಎರಡಕ್ಕೂ ಆರು ಮಾತ್ರೆ, ಒಂದೇ ಬಾಲ. ಅಕ್ಕಪಕ್ಕ ಇರುವ ಇಂಥ ಜೋಡಿ ಅದಲುಬದಲಾದರೆ ಕಿವಿಗೆ ಗೊತ್ತೇ ಆಗುವುದಿಲ್ಲ, ಪರಮಾಣು ಸಂಖ್ಯೆ ಮಾತ್ರ ತಪ್ಪುತ್ತದೆ. ನೈಟ್ರೋಜನ್, ಆಕ್ಸಿಜನ್‌ಗಳ ನಡಿಗೆ ಬೇರೆ ಬೇರೆ. ಸಂಕೇತವೂ ಆ ಹೆಸರುಗಳಲ್ಲೇ ಅಡಗಿದೆ. ಅದಕ್ಕೆ ಹೊರತಾದವು ಎರಡೇ, ಸೋಡಿಯಂನ Na ಮತ್ತು ಪೊಟ್ಯಾಸಿಯಂನ K; ನೇಟ್ರಿಯಂ, ಕೇಲಿಯಂ ಎಂಬ ಲ್ಯಾಟಿನ್ ಹೆಸರುಗಳಿಂದ ಬಂದ ಇವನ್ನು ಬೇರೆಯಾಗಿಯೇ ಕಲಿಸಬೇಕು. ಆದರೆ ಫ್ಲೋರಿನ್, ಕ್ಲೋರಿನ್ ಕಿವಿಯನ್ನು ಏಮಾರಿಸಬಲ್ಲವು. ಅವು ಜಾಗ ಬದಲಿಸಿಕೊಂಡರೆ ಸಂಖ್ಯೆ ತಪ್ಪುತ್ತದೆ, ಹೊರಕವಚದ ಏಳು ಎಲೆಕ್ಟ್ರಾನ್ ತಪ್ಪುವುದಿಲ್ಲ.

ಪದ್ಯವನ್ನು ಇಪ್ಪತ್ತರ ಆಚೆ ಬೆಳೆಸಲು ಮಾತ್ರ ಹೋಗಬಾರದು. ಮೂರನೇ ಕವಚಕ್ಕೆ ನಿಜವಾಗಿ 18 ಎಲೆಕ್ಟ್ರಾನ್‌ಗಳ ಜಾಗವಿದೆ. ಎಂಟಾದ ಕೂಡಲೇ ಅದು ನಿಲ್ಲುವುದು, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂನಲ್ಲಿ ನಾಲ್ಕನೇ ಕವಚದ ಮೊದಲ ಎರಡು ಸ್ಥಾನಗಳು ಕಡಿಮೆ ಶಕ್ತಿಗೆ ಸಿಗುವುದರಿಂದ. 21ನೆಯದಾದ ಸ್ಕ್ಯಾಂಡಿಯಂನಲ್ಲಿ ಹೊಸ ಎಲೆಕ್ಟ್ರಾನ್ ಹಿಂದಕ್ಕೆ, ಮೂರನೇ ಕವಚಕ್ಕೇ ಹೋಗುತ್ತದೆ, ವಿನ್ಯಾಸ 2, 8, 9, 2 ಆಗುತ್ತದೆ. ಅದನ್ನು ಕೊನೆಯ ಸಾಲಿಗೆ ಮೂರನೆಯದಾಗಿ ಸೇರಿಸಿ ಬೆರಳೆಣಿಸಿದ ಮಗುವಿಗೆ 2, 8, 8, 3 ಎಂಬ ತಪ್ಪು ಉತ್ತರ ಸಿಗುತ್ತದೆ.